ಡ್ರಾಪ್‌ಡೌನ್‌ನಲ್ಲಿ ಮಂಡಿ ಬದಲಿಸಿದಾಗ ಕೆಲವು ಹೆಸರುಗಳಿಗೆ ಮಾತ್ರ ನಕ್ಷೆ ಖಾಲಿಯಾಗುತ್ತಿದೆ

ಮಾಂಜರಾ ದಂಡೆ (ಬೀದರ್)

ಎಲ್ಲರಿಗೂ ನಮಸ್ಕಾರ. ನಮ್ಮ ರೈತ ಉತ್ಪಾದಕರ ಸಂಘದ ತೊಗರಿ ಲೆಕ್ಕವನ್ನು ಗೂಗಲ್ ಶೀಟ್ಸ್‌ನಲ್ಲಿ ಇಡುವ ಕೆಲಸ ನನ್ನದು. `ಆವಕ` ಎಂಬ ಹಾಳೆಯಲ್ಲಿ ನಾಲ್ಕು ಕಾಲಂಗಳಿವೆ: A ದಿನಾಂಕ, B ಮಂಡಿಯ ಹೆಸರು, C ಆವಕ ಎಷ್ಟು ಕ್ವಿಂಟಲ್, D ಆ ದಿನದ ಮಾದರಿ ದರ. ಡಿಸೆಂಬರ್ 2024ರಿಂದ ಮಾರ್ಚ್ 2025ರ ವರೆಗಿನ ಸಾಲುಗಳು ಅದರಲ್ಲಿವೆ. ಇವನ್ನು ಇಬ್ಬರು ತುಂಬಿದ್ದಾರೆ. ನಾನು ಕಚೇರಿಯ ಕಂಪ್ಯೂಟರಿನಲ್ಲಿ, ನಮ್ಮ ಹುಡುಗನೊಬ್ಬ ಮಂಡಿಯಲ್ಲೇ ನಿಂತು ಫೋನಿನಲ್ಲಿ.

`ನೋಟ` ಎಂಬ ಇನ್ನೊಂದು ಹಾಳೆಯ B1ರಲ್ಲಿ ಡ್ರಾಪ್‌ಡೌನ್ ಇಟ್ಟು, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ ಎಂಬ ಐದು ಹೆಸರುಗಳನ್ನು ನಾನೇ ಟೈಪು ಮಾಡಿ ಸೇರಿಸಿದ್ದೇನೆ. A4ರಲ್ಲಿ ಈ ಸೂತ್ರವಿದೆ, ಅದರ ಫಲಿತಾಂಶದ ಮೇಲೆ ಗೆರೆ ನಕ್ಷೆ ಕೂರಿಸಿದ್ದೇನೆ.

```
=QUERY('ಆವಕ'!A:D, "select month(A), avg(D) where B = '"&B1&"' group by month(A) label month(A) '', avg(D) ''", 1)
```

ಭಾಲ್ಕಿ ಅಥವಾ ಬಸವಕಲ್ಯಾಣ ಆರಿಸಿದರೆ ನಕ್ಷೆ ಬರುತ್ತದೆ. ಔರಾದ್ ಮತ್ತು ಹುಮನಾಬಾದ್ ಆರಿಸಿದರೆ ನಕ್ಷೆ ಪೂರ್ತಿ ಖಾಲಿ, A4ರಲ್ಲಿ `#N/A`. ಬೀದರ್ ಆರಿಸಿದರೆ ಇನ್ನೂ ವಿಚಿತ್ರ: ನಾಲ್ಕು ತಿಂಗಳ ಸಾಲುಗಳು ಕಣ್ಣೆದುರಿಗೇ ಇದ್ದರೂ ಎರಡು ತಿಂಗಳ ಚುಕ್ಕೆಗಳು ಮಾತ್ರ ಬರುತ್ತವೆ. ಇದಲ್ಲದೆ, ನಕ್ಷೆಯ ಕೆಳಗಿನ ಅಕ್ಷದಲ್ಲಿ ತಿಂಗಳುಗಳು 0, 1, 2, 11 ಎಂದು ಕಾಣುತ್ತಿವೆ. ಸೊನ್ನೆಯ ತಿಂಗಳು ಯಾವುದೆಂದು ನಮ್ಮ ಅಧ್ಯಕ್ಷರು ಸಭೆಯಲ್ಲಿ ಕೇಳಿದರು, ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ದಾರಿ ತೋರಿಸಬೇಕು.

ಅಡತಿ ಅಂಗಡಿ (ಕಲಬುರಗಿ ಗಂಜ್)

ಎರಡಕ್ಕೂ ನನ್ನ ಬಳಿ ಮದ್ದಿದೆ. ಕ್ವೆರಿಯಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಅಂದರೆ ಜನವರಿ 0, ಡಿಸೆಂಬರ್ 11. ಆದ್ದರಿಂದ `month(A)` ಇದ್ದಲ್ಲಿ `month(A)+1` ಎಂದು ಬರೆಯಿರಿ. ಇನ್ನು ಹೆಸರು ಸಿಗದಿರುವುದಕ್ಕೆ ಕಾರಣ ಫೋನು. ಫೋನಿನಲ್ಲಿ ಸಲಹೆಯ ಪದವನ್ನು ಒತ್ತಿದ ಕೂಡಲೇ ಅದರ ಹಿಂದೆ ಒಂದು ಖಾಲಿ ಜಾಗ ಸೇರಿಕೊಳ್ಳುತ್ತದೆ, ಕ್ವೆರಿಗೆ ಅದು ಬೇರೆಯೇ ಹೆಸರು. B ಕಾಲಂ ಪೂರ್ತಿಗೆ `TRIM` ಹಾಕಿಬಿಡಿ. ನೋಡಲು ಚೆಂದವಿರಲಿ ಎಂದರೆ ಸೂತ್ರಕ್ಕೆ ಹೊರಗಿನಿಂದ `IFERROR` ತೊಡಿಸಿ, `#N/A` ಮಾಯವಾಗುತ್ತದೆ. ನಮ್ಮ ಅಂಗಡಿಯ ಖಾತೆಗಳಿಗೆ ನಾನು ಮಾಡಿರುವುದು ಇಷ್ಟೇ.

ಮಾಂಜರಾ ದಂಡೆ

ಅಣ್ಣನವರೇ, ಕೂಡಲೇ ಉತ್ತರಿಸಿದ್ದಕ್ಕೆ ವಂದನೆ. ತಿಂಗಳು ಈಗ 1, 2, 3, 12 ಎಂದು ಬರುತ್ತಿದೆ, ಸೊನ್ನೆ ಹೋಯಿತು. ಆದರೆ ಡಿಸೆಂಬರ್ ಬಲತುದಿಗೆ ಹೋಗಿ ಕುಳಿತಿದೆ. ನಮ್ಮ ಹಂಗಾಮು ಶುರುವಾಗುವುದೇ ಡಿಸೆಂಬರಿನಲ್ಲಿ, ಹೀಗಾಗಿ ನಕ್ಷೆ ಮೊದಲ ತಿಂಗಳನ್ನು ಕೊನೆಯ ತಿಂಗಳೆಂದು ತೋರಿಸುತ್ತಿದೆ. `TRIM` ಹಾಕಿ ನೋಡಿದೆ, ಔರಾದ್ ಈಗಲೂ ಖಾಲಿ. ಖಾಲಿ ಜಾಗ ಇದೆಯೇ ಎಂದು ಕರ್ಸರ್ ಇಟ್ಟು ನೋಡಿದೆ, ಎಲ್ಲಿಯೂ ಕಾಣಲಿಲ್ಲ.

ಶಹಾಪುರ ಮಾಸ್ತರ್ (ಯಾದಗಿರಿ ಜಿಲ್ಲೆ)

ನನಗೂ ಇದೇ ತೊಂದರೆ ಇರುವುದರಿಂದ ಇಲ್ಲಿಯೇ ಕೇಳುತ್ತೇನೆ. ನಮ್ಮ ಪ್ರೌಢಶಾಲೆಯ ಕಿರುಪರೀಕ್ಷೆಯ ಅಂಕಗಳ ಹಾಳೆಯಲ್ಲಿ ಡ್ರಾಪ್‌ಡೌನ್‌ನಿಂದ ತರಗತಿಯನ್ನು ಆರಿಸಿದರೆ ವಿಷಯವಾರು ಸರಾಸರಿಯ ಕಂಬ ನಕ್ಷೆ ಬರಬೇಕು. ನಾನು ಸಹ `where B = '"&H1&"'` ಎಂದೇ ಬರೆದಿದ್ದೇನೆ. 8, 9, 10 ಯಾವುದನ್ನು ಆರಿಸಿದರೂ `#N/A`. ನಿಮ್ಮಂತೆ ಕೆಲವು ಹೆಸರುಗಳಿಗಲ್ಲ, ಎಲ್ಲದಕ್ಕೂ. ನಮ್ಮದರಲ್ಲಿ ಕನ್ನಡ ಹೆಸರುಗಳೇ ಇಲ್ಲ, ಬರೀ ಅಂಕಿಗಳು. ಬಹುಶಃ ಗೂಗಲ್‌ನವರೇ ಈಚೆಗೆ ಏನೋ ಬದಲಿಸಿರಬೇಕು.

ಲೆಕ್ಕದ ಅಕ್ಕ (ಕಲಬುರಗಿ)

ಮಾಸ್ತರರೇ, ಲಕ್ಷಣ ಒಂದೇ ಆದರೂ ನಿಮ್ಮ ರೋಗ ಬೇರೆ. ನಿಮ್ಮ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಬೀದರಿನವರದು.

ಐದು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಸರಿಯಾಗಿ ಬರುತ್ತಿರುವ ಭಾಲ್ಕಿ ಮತ್ತು ಬಸವಕಲ್ಯಾಣ ಸ್ವರದಿಂದ ಮುಗಿಯುತ್ತವೆ. ತೊಂದರೆ ಕೊಡುತ್ತಿರುವ ಬೀದರ್, ಔರಾದ್, ಹುಮನಾಬಾದ್ ಮೂರೂ ಅರ್ಧಾಕ್ಷರದಿಂದ ಮುಗಿಯುತ್ತವೆ. ಇದು ಆಕಸ್ಮಿಕವಲ್ಲ. ಕನ್ನಡದ ಕೆಲವು ಕೀಲಿಮಣೆಗಳು ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದಾಗ, ಮುಂದಿನ ಅಕ್ಷರ ಅದಕ್ಕೆ ಒತ್ತಾಗಿ ಅಂಟಿಕೊಳ್ಳದಿರಲೆಂದು ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆಯನ್ನು ತಾವಾಗಿಯೇ ಸೇರಿಸುತ್ತವೆ. ಅದಕ್ಕೆ ಅಗಲವೇ ಇಲ್ಲದ ಕಾರಣ ಪರದೆಯ ಮೇಲೆ ಎರಡೂ ಬೀದರ್‌ಗಳು ಒಂದೇ ತೆರನಾಗಿ ಕಾಣುತ್ತವೆ. ಕ್ವೆರಿಯಾದರೋ ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸುತ್ತದೆ, ಅದರ ಲೆಕ್ಕದಲ್ಲಿ ಅವು ಎರಡು ಬೇರೆ ಊರುಗಳು. `TRIM` ಖಾಲಿ ಜಾಗವನ್ನಷ್ಟೇ ತೆಗೆಯುತ್ತದೆ. ಇದು ಖಾಲಿ ಜಾಗವಲ್ಲದ್ದರಿಂದ ಅಡತಿಯವರ ಮದ್ದು ಇದಕ್ಕೆ ನಾಟಲಿಲ್ಲ. ಅವರು ಹೇಳಿದ ತೊಂದರೆ ಸುಳ್ಳೇನಲ್ಲ, ಇಲ್ಲಿ ಇರುವುದು ಮಾತ್ರ ಅದಲ್ಲ.

ಊಹೆ ಬೇಡ, ಎಣಿಸಿಯೇ ನೋಡೋಣ. ಡ್ರಾಪ್‌ಡೌನ್‌ನಲ್ಲಿ ಬೀದರ್ ಆರಿಸಿ, ಯಾವುದಾದರೂ ಖಾಲಿ ಕೋಶದಲ್ಲಿ ಈ ಎರಡನ್ನು ಹಾಕಿ, ಉತ್ತರವನ್ನು ಇಲ್ಲಿ ಬರೆಯಿರಿ.

```
=LEN(B1)
=UNICODE(RIGHT(B1,1))
```

ಬೀದರ್ ಎಂಬ ಪದಕ್ಕೆ ಬ, ದೀರ್ಘದ ಗುಣಿತ, ದ, ರ, ಕೊನೆಯ ಹಲಂತ ಎಂದು ಉದ್ದ ಐದಿರಬೇಕು, ಕೊನೆಯ ಸಂಕೇತ 3277 ಆಗಿರಬೇಕು. ಉದ್ದ ಆರು ಬಂದು ಕೊನೆಯದು 8204 ಎಂದಿದ್ದರೆ ಕಳ್ಳ ಸಿಕ್ಕಂತೆ. ಇದೇ ಎರಡನ್ನು `ಆವಕ` ಹಾಳೆಯಲ್ಲಿ ಬೀದರ್ ಎಂದಿರುವ ಒಂದೆರಡು ಕೋಶಗಳಿಗೂ ಹಾಕಿ ನೋಡಿ, ಒಂದು ನೀವು ತುಂಬಿದ ಸಾಲು, ಇನ್ನೊಂದು ಹುಡುಗ ತುಂಬಿದ ಸಾಲು.

ಮಾಂಜರಾ ದಂಡೆ

ಅಕ್ಕನವರೇ, ನೀವು ಹೇಳಿದಂತೆಯೇ ಇದೆ. B1ರಲ್ಲಿ ಉದ್ದ 6, ಕೊನೆಯದು 8204. ಜನವರಿಯಲ್ಲಿ ನಾನು ತುಂಬಿದ ಸಾಲಿನಲ್ಲೂ 6 ಮತ್ತು 8204. ಫೆಬ್ರವರಿಯಲ್ಲಿ ಹುಡುಗ ಫೋನಿನಿಂದ ತುಂಬಿದ ಸಾಲಿನಲ್ಲಿ 5 ಮತ್ತು 3277. ಬೀದರಿನ ಡಿಸೆಂಬರ್, ಜನವರಿ ನನ್ನವು, ಫೆಬ್ರವರಿ, ಮಾರ್ಚ್ ಅವನವು. ಔರಾದ್ ಮತ್ತು ಹುಮನಾಬಾದ್ ಸಾಲುಗಳನ್ನೆಲ್ಲ ಅವನೇ ತುಂಬಿದ್ದಾನೆ, ಡ್ರಾಪ್‌ಡೌನ್ ಹೆಸರುಗಳು ನನ್ನ ಕಂಪ್ಯೂಟರಿನವು. ಎರಡು ವಾರದಿಂದ ಅವನದೇ ತಪ್ಪೆಂದು ಬೈಯುತ್ತಿದ್ದೆ.

ಲೆಕ್ಕದ ಅಕ್ಕ

ಹಾಗಾದರೆ ಬೀದರಿನ ಅರ್ಧ ನಕ್ಷೆಯ ಕಾರಣವೂ ತಿಳಿದಂತಾಯಿತು. ನನ್ನ ಪ್ರಕಾರ ಪೂರ್ತಿ ಖಾಲಿಯಾದ ಔರಾದಿಗಿಂತ ಅರ್ಧ ಬಂದ ಬೀದರ್ ಹೆಚ್ಚು ಅಪಾಯದ್ದು. ಖಾಲಿ ನಕ್ಷೆಯನ್ನು ಕಂಡರೆ ಯಾರಾದರೂ ಕೇಳುತ್ತಾರೆ. ಎರಡು ತಿಂಗಳ ನಕ್ಷೆಯನ್ನು ಕಂಡವರು ಉಳಿದೆರಡು ತಿಂಗಳು ಆವಕವೇ ಇರಲಿಲ್ಲವೆಂದು ತಿಳಿದು ಸುಮ್ಮನಾಗುತ್ತಾರೆ. `IFERROR` ತೊಡಿಸಬೇಡಿ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ. ಹೊಂದುವ ಸಾಲು ಒಂದೂ ಸಿಗಲಿಲ್ಲ ಎಂದು ಹೇಳುವ ಆ `#N/A` ಒಂದೇ ನಿಮಗಿದ್ದ ಸುಳಿವು.

ಮೂಲ B ಕಾಲಂ ಮುಟ್ಟಬೇಡಿ. ಅದರ ಶುದ್ಧ ಪ್ರತಿಯನ್ನು E ಕಾಲಂನಲ್ಲಿ ಮಾಡಿಕೊಳ್ಳಿ. E1ರಲ್ಲಿ ಶೀರ್ಷಿಕೆ ಬರೆದು, E2ರಲ್ಲಿ ಇದನ್ನು ಹಾಕಿ:

```
=ARRAYFORMULA(TRIM(SUBSTITUTE(B2:B,UNICHAR(8204),"")))
```

ಇದು ಕಾಣದ ಚಿಹ್ನೆಯನ್ನು ತೆಗೆಯುತ್ತದೆ, ಅಡತಿಯವರು ಹೇಳಿದ ಖಾಲಿ ಜಾಗವನ್ನೂ ತೆಗೆಯುತ್ತದೆ. ಒಂದು ಎಚ್ಚರಿಕೆ: ಯಾರಾದರೂ ಕಮಲನಗರವನ್ನು ‘ಕಮಲ್‌ನಗರ’ ಎಂದು ಬರೆದಿದ್ದರೆ ನಡುವಿನ ಚಿಹ್ನೆಯೂ ಹೋಗಿ ‘ಕಮಲ್ನಗರ’ ಎಂದಾಗುತ್ತದೆ. ನೋಡಲು ಅಸಹ್ಯವಾದರೂ ಹೋಲಿಕೆಗೆ ತೊಂದರೆಯಿಲ್ಲ, ಏಕೆಂದರೆ ಡ್ರಾಪ್‌ಡೌನ್‌ನ ಹೆಸರುಗಳನ್ನು ಸಹ ಇದೇ E ಕಾಲಂನಿಂದ ತೆಗೆದುಕೊಳ್ಳುತ್ತೇವೆ. `ಪಟ್ಟಿ` ಎಂಬ ಹೊಸ ಹಾಳೆಯ A2ರಲ್ಲಿ:

```
=SORT(UNIQUE(FILTER('ಆವಕ'!E2:E,'ಆವಕ'!E2:E<>"")))
```

ಬಳಿಕ B1ರ ಡ್ರಾಪ್‌ಡೌನ್ ನಿಯಮದಲ್ಲಿ ಕೈಯಿಂದ ಬರೆದ ಹೆಸರುಗಳನ್ನು ಅಳಿಸಿ, `Dropdown (from a range)` ಆರಿಸಿ, `'ಪಟ್ಟಿ'!A2:A` ಕೊಡಿ. ಈಗ ಡ್ರಾಪ್‌ಡೌನ್ ತೋರಿಸುವುದು ದತ್ತಾಂಶದಲ್ಲಿ ಇರುವ ಹೆಸರುಗಳನ್ನೇ ಆದ್ದರಿಂದ, ಆರಿಸಿದ ಹೆಸರಿಗೆ ಒಂದು ಸಾಲೂ ಸಿಗಲಿಲ್ಲ ಎಂಬ ಪ್ರಸಂಗ ಬರುವುದಿಲ್ಲ. ಒಂದೇ ಊರನ್ನು ಎರಡು ಕಾಗುಣಿತದಲ್ಲಿ ಬರೆದಿದ್ದರೆ ಎರಡೂ ಪಟ್ಟಿಯಲ್ಲಿ ಬೇರೆ ಬೇರೆ ಹೆಸರುಗಳಾಗಿ ನಿಂತು ಕಣ್ಣಿಗೆ ಬೀಳುತ್ತವೆ.

ಅಡತಿ ಅಂಗಡಿ

ಕಾಣದ ಅಕ್ಷರದ ಕಥೆ ನನಗೆ ಗೊತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಇಷ್ಟು ಸುತ್ತುಬಳಸು ಏಕೆ? `where B contains` ಎಂದು ಬರೆದರೆ ಹಿಂದೆ ಮುಂದೆ ಏನು ಅಂಟಿಕೊಂಡಿದ್ದರೂ ಹೆಸರು ಸಿಗುತ್ತದಲ್ಲವೇ?

ಲೆಕ್ಕದ ಅಕ್ಕ

ಡ್ರಾಪ್‌ಡೌನ್‌ನ ಹೆಸರು ಶುದ್ಧವಾಗಿದ್ದು ಹಾಳೆಯ ಹೆಸರಿಗೆ ಬಾಲ ಅಂಟಿದ್ದರೆ ಸಿಗುತ್ತದೆ. ಇವರದು ತಿರುಗಾಮುರುಗಾ ಆಗಿದೆ: ಬಾಲ ಇರುವುದು ಡ್ರಾಪ್‌ಡೌನ್‌ನಲ್ಲಿ, ಔರಾದಿನ ಸಾಲುಗಳಲ್ಲಿ ಅದು ಇಲ್ಲ. ಉದ್ದದ ಹೆಸರು ಗಿಡ್ಡ ಹೆಸರಿನೊಳಗೆ ಹೇಗೆ ಹಿಡಿಯಬೇಕು? ಅದೂ ಅಲ್ಲದೆ, ನಾಳೆ ಯಾರಾದರೂ ‘ಬೀದರ್ ಉಪಮಂಡಿ’ ಎಂದು ಹೊಸ ಹೆಸರು ಸೇರಿಸಿದರೆ ಅದರ ದರವೂ ಸದ್ದಿಲ್ಲದೆ ಬೀದರಿನ ಲೆಕ್ಕಕ್ಕೆ ಬಂದು ಬೀಳುತ್ತದೆ.

ಇನ್ನು ತಿಂಗಳ ವಿಷಯ. `month(A)+1` ಸೊನ್ನೆಯನ್ನು ಓಡಿಸಿತು, ನಿಜ. ಆದರೆ ಅದು ವರ್ಷವನ್ನು ಎಸೆದು ತಿಂಗಳ ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಆದ್ದರಿಂದಲೇ ಡಿಸೆಂಬರ್ 2024 ಮಾರ್ಚ್ 2025ರ ಬಲಕ್ಕೆ ಹೋಯಿತು. ಮುಂದಿನ ಹಂಗಾಮಿನ ಸಾಲುಗಳನ್ನು ಇದೇ ಹಾಳೆಗೆ ಸೇರಿಸಿದಾಗ ಎರಡು ವರ್ಷಗಳ ಜನವರಿಗಳು ಒಂದೇ ಚುಕ್ಕೆಯಲ್ಲಿ ಬೆರೆತುಹೋಗುತ್ತವೆ, ಅದಕ್ಕೆ ಯಾವ ದೋಷಸೂಚನೆಯೂ ಬರುವುದಿಲ್ಲ. ಇದಕ್ಕೆ ಪ್ರತಿ ದಿನಾಂಕವನ್ನು ಆ ತಿಂಗಳ ಒಂದನೇ ತಾರೀಖಿಗೆ ಎಳೆದುಕೊಂಡು, ಅದರ ಮೇಲೆ ಗುಂಪು ಮಾಡಬೇಕು. F1ರಲ್ಲಿ ಶೀರ್ಷಿಕೆ, F2ರಲ್ಲಿ:

```
=ARRAYFORMULA(IF(A2:A="",,A2:A-DAY(A2:A)+1))
```

ಇದರಲ್ಲಿ ಎರಡು ಅಲ್ಪವಿರಾಮಗಳು ಒಟ್ಟಿಗೆ ಇರುವುದು ಕೈತಪ್ಪಲ್ಲ. ಬಹಳಷ್ಟು ಜನ ಅಲ್ಲಿ `""` ಬರೆಯುತ್ತಾರೆ. ಹಾಗೆ ಬರೆದರೆ ಕೆಳಗಿನ ನೂರಾರು ಖಾಲಿ ಸಾಲುಗಳಲ್ಲಿ ಕಾಣದ ಖಾಲಿ ಪಠ್ಯ ತುಂಬಿಕೊಂಡು, ಕ್ವೆರಿ ಆ ಕಾಲಂ ದಿನಾಂಕದ್ದೋ ಪಠ್ಯದ್ದೋ ಎಂದು ತಪ್ಪು ತೀರ್ಮಾನಕ್ಕೆ ಬರಬಹುದು. ಏನನ್ನೂ ಬರೆಯದೆ ಬಿಟ್ಟರೆ ಕೋಶ ನಿಜಕ್ಕೂ ಖಾಲಿ ಉಳಿಯುತ್ತದೆ. F ಕಾಲಂ ಅನ್ನು ದಿನಾಂಕದ ರೂಪಕ್ಕೆ ಹೊಂದಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಐದಂಕಿಯ ಸಂಖ್ಯೆಗಳು ಕಾಣಿಸಿ ಗಾಬರಿಯಾಗುತ್ತೀರಿ.

ಬಿದರಿ ಕುಸುರಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ಹೆಸರು, ತಿಂಗಳು ಎರಡೂ ಸರಿಹೋದ ಮೇಲೂ ಆ ಸೂತ್ರದ `avg(D)` ನನಗೆ ಸರಿ ಕಾಣುತ್ತಿಲ್ಲ. ನೂರು ಕ್ವಿಂಟಲ್ ಬಂದ ದಿನವನ್ನೂ ಐದು ಕ್ವಿಂಟಲ್ ಬಂದ ದಿನವನ್ನೂ ಒಂದೇ ತೂಕದಲ್ಲಿ ತೂಗುವ ಸರಾಸರಿಯನ್ನು ತೋರಿಸಿದರೆ ರೈತ ಒಪ್ಪುತ್ತಾನೆಯೇ?

ಲೆಕ್ಕದ ಅಕ್ಕ

ಒಳ್ಳೆಯ ಮಾತು ಹೇಳಿದಿರಿ. ನಾನು ಅದನ್ನು ಕೊನೆಗೆ ಹೇಳೋಣವೆಂದು ಇಟ್ಟುಕೊಂಡಿದ್ದೆ. ಉದಾಹರಣೆಗೆ ಒಂದು ತಿಂಗಳಲ್ಲಿ ಎರಡೇ ದಿನ ವಹಿವಾಟು ನಡೆಯಿತು ಎಂದುಕೊಳ್ಳಿ. ಒಂದು ದಿನ 90 ಕ್ವಿಂಟಲ್ ಬಂದು 7,200 ರೂಪಾಯಿಗೆ ಹೋಯಿತು. ಇನ್ನೊಂದು ದಿನ ಹಸಿ ಮಾಲು 6 ಕ್ವಿಂಟಲ್ ಮಾತ್ರ ಬಂದು 6,600ಕ್ಕೆ ಹೋಯಿತು. `avg(D)` ಇದನ್ನು 6,900 ಎಂದು ತೋರಿಸುತ್ತದೆ. ಒಟ್ಟು ಹಣವನ್ನು ಒಟ್ಟು 96 ಕ್ವಿಂಟಲ್‌ನಿಂದ ಭಾಗಿಸಿದರೆ ಬರುವುದು 7,162 ರೂಪಾಯಿ 50 ಪೈಸೆ. ಕ್ವಿಂಟಲ್‌ಗೆ 262 ರೂಪಾಯಿಯ ವ್ಯತ್ಯಾಸವೆಂದರೆ ಸಭೆಯಲ್ಲಿ ಜಗಳಕ್ಕೆ ಸಾಕು.

ಸೂತ್ರದಲ್ಲಿ `sum(C*D)` ಎಂದು ನೇರವಾಗಿ ಬರೆಯಲು ಹೋಗಬೇಡಿ, ಕ್ವೆರಿ ಒಪ್ಪುವುದಿಲ್ಲ. ಅದರ `sum` ಒಳಗೆ ಒಂದು ಕಾಲಂ ಹೆಸರಿಗಷ್ಟೇ ಜಾಗ, ಗುಣಾಕಾರಕ್ಕಿಲ್ಲ. ಆದರೆ ಎರಡು `sum`ಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಬಹುದು. ಆದ್ದರಿಂದ ಗುಣಾಕಾರವನ್ನು ಹಾಳೆಯಲ್ಲೇ ಮುಗಿಸಿಕೊಳ್ಳಬೇಕು. G2ರಲ್ಲಿ:

```
=ARRAYFORMULA(IF(A2:A="",,C2:C*D2:D))
```

ಇದರಿಂದ ಒಂದು ಉಪಲಾಭವೂ ಇದೆ. ಯಾರಾದರೂ ದರವನ್ನು ‘7150/-’ ಎಂದು ಅಂಗಡಿಯ ಚೀಟಿಯಂತೆ ಬರೆದಿದ್ದರೆ ಅದು ಸಂಖ್ಯೆಯಲ್ಲ, ಪಠ್ಯ. ಹಳೆಯ ಸೂತ್ರ ಅದನ್ನು ಯಾರಿಗೂ ಹೇಳದೆ ಕೈಬಿಡುತ್ತಿತ್ತು. ಈಗ ಅದೇ ಸಾಲಿನ G ಕೋಶದಲ್ಲಿ `#VALUE!` ಎದ್ದು ನಿಲ್ಲುತ್ತದೆ. ಅಂಥವನ್ನು ಕೈಯಿಂದ ತಿದ್ದಿದ ಮೇಲೆಯೇ ನಕ್ಷೆಯನ್ನು ನಂಬಿ. ಎಲ್ಲ ಸೇರಿಸಿದರೆ `ನೋಟ` ಹಾಳೆಯ A4 ಹೀಗಾಗುತ್ತದೆ:

```
=QUERY('ಆವಕ'!A:G,
 "select F, sum(G)/sum(C)
  where E = '"&B1&"'
  group by F order by F
  label F 'ತಿಂಗಳು', sum(G)/sum(C) '"&B1&"'
  format F 'MMM yyyy'", 1)
```

ಸಾಲುಗಳ ಅನುಕ್ರಮವನ್ನು ಬದಲಿಸಬೇಡಿ. `label` ಅನ್ನು `order by` ಮುಂದೆ ತಂದರೆ ಸೂತ್ರ ಒಡೆಯುತ್ತದೆ. ಡ್ರಾಪ್‌ಡೌನ್‌ನ ಹೆಸರನ್ನೇ `label`ಗೆ ಕೊಟ್ಟಿರುವುದಕ್ಕೆ ಕಾರಣವಿದೆ: ನಕ್ಷೆಯ ಶೀರ್ಷಿಕೆಯನ್ನು ಕೋಶಕ್ಕೆ ಜೋಡಿಸಲು ಶೀಟ್ಸ್‌ನಲ್ಲಿ ದಾರಿಯಿಲ್ಲ, ಅಲ್ಲಿ ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಭಾಲ್ಕಿಯ ಗೆರೆಯ ಮೇಲೆ ‘ಬೀದರ್ ತೊಗರಿ ದರ’ ಎಂಬ ತಲೆಬರಹ ಕೂತಿರುವ ನಕ್ಷೆಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಶೀರ್ಷಿಕೆಯಲ್ಲಿ ‘ತೊಗರಿ ದರ, ಕ್ವಿಂಟಲ್‌ಗೆ ರೂಪಾಯಿ’ ಎಂದಷ್ಟೇ ಬರೆಯಿರಿ, ಊರಿನ ಹೆಸರು ಗೆರೆಯ ಹೆಸರಾಗಿ ಸೂಚಿಯಲ್ಲಿ ತಾನೇ ಬದಲಾಗಲಿ. ಅದಕ್ಕೆ ನಕ್ಷೆಯ ಸಂಪಾದಕದಲ್ಲಿ `Use row 4 as headers` ಗುರುತು ಹಾಕಿರಬೇಕು, ವ್ಯಾಪ್ತಿಯನ್ನು A4:B16 ಎಂದು ಸ್ವಲ್ಪ ಉದಾರವಾಗಿ ಕೊಟ್ಟಿರಬೇಕು. ಇಂದು ಕಾಣುವ ನಾಲ್ಕು ತಿಂಗಳಿಗೆ ಅಳತೆ ಮಾಡಿ A4:B8 ಎಂದು ಕೊಟ್ಟರೆ, ಏಪ್ರಿಲ್ ಸೇರಿದ ದಿನ ಅದು ನಕ್ಷೆಯಿಂದ ಹೊರಗುಳಿಯುತ್ತದೆ.

ಮಾಸ್ತರರೇ, ಈಗ ನಿಮ್ಮದು. ನಿಮ್ಮ ತರಗತಿ ಕಾಲಂ ಸಂಖ್ಯೆಗಳದ್ದು. ಉದ್ಧರಣ ಚಿಹ್ನೆಯೊಳಗೆ ಇಟ್ಟ 8 ಕ್ವೆರಿಗೆ ಪಠ್ಯ, ಹಾಳೆಯ 8 ಸಂಖ್ಯೆ, ಎರಡೂ ಎಂದೂ ಸಮವಾಗುವುದಿಲ್ಲ. ಒಳಗಿನ ಒಂಟಿ ಉದ್ಧರಣಗಳನ್ನು ತೆಗೆದು `where B = "&H1&"` ಎಂದು ಬರೆಯಿರಿ. ಗೂಗಲ್‌ನವರು ಏನನ್ನೂ ಬದಲಿಸಿಲ್ಲ.

ಶಹಾಪುರ ಮಾಸ್ತರ್

ಬಂತು, ಮೂರು ತರಗತಿಗಳೂ ಬಂದವು. ಆದರೆ ನಮ್ಮಲ್ಲಿ ಎಂಟನೆಯ ತರಗತಿಗೆ ‘8ಎ’ ಎಂಬ ವಿಭಾಗವೂ ಇದೆ, ಆ ಮಕ್ಕಳು ನಕ್ಷೆಯಲ್ಲಿ ಎಲ್ಲಿಯೂ ಇಲ್ಲ. ಅಂಕದ ಕಾಲಂನಲ್ಲಿ ಗೈರಾದವರಿಗೆ ‘ಗೈ’ ಎಂದು ಬರೆದಿದ್ದೇವೆ, ಅವರನ್ನು ಅದು ಸೊನ್ನೆ ಎಂದು ಎಣಿಸುತ್ತಿದೆಯೇ?

ಲೆಕ್ಕದ ಅಕ್ಕ

ಎರಡಕ್ಕೂ ಉತ್ತರ ಒಂದೇ. ಕ್ವೆರಿ ಒಂದು ಕಾಲಂಗೆ ಒಂದೇ ಜಾತಿಯನ್ನು ಒಪ್ಪುತ್ತದೆ. ಹೆಚ್ಚು ಸಾಲುಗಳು ಯಾವ ಬಗೆಯವೋ ಆ ಬಗೆ ಗೆಲ್ಲುತ್ತದೆ, ಉಳಿದವು ಖಾಲಿ ಎನಿಸಿಕೊಳ್ಳುತ್ತವೆ. ಹೀಗಾಗಿ ‘ಗೈ’ ಸೊನ್ನೆಯಾಗುವುದಿಲ್ಲ, ಸರಾಸರಿಯಿಂದಲೇ ಹೊರಗುಳಿಯುತ್ತದೆ. ಅಂಕಗಳಿಗೆ ಇದು ನಿಮಗೆ ಬೇಕಾದದ್ದೇ. ‘8ಎ’ ಸಹ ಅದೇ ನಿಯಮದಿಂದ ಖಾಲಿಯಾಗಿದೆ, ಇದು ನಿಮಗೆ ಬೇಡವಾದದ್ದು. ತರಗತಿ ಕಾಲಂ ಪೂರ್ತಿ ಆರಿಸಿ, ಸಂಖ್ಯಾರೂಪವನ್ನು ಸರಳ ಪಠ್ಯಕ್ಕೆ ಬದಲಿಸಿ, H1ರ ಒಂಟಿ ಉದ್ಧರಣಗಳನ್ನು ಮತ್ತೆ ಹಾಕಿ. ಈಗಷ್ಟೇ ತೆಗೆಸಿ ಮತ್ತೆ ಹಾಕಿಸುತ್ತಿರುವುದಕ್ಕೆ ಬೇಸರಿಸಬೇಡಿ, ‘8ಎ’ ಇರುವುದನ್ನು ನೀವು ಮೊದಲೇ ಹೇಳಿರಲಿಲ್ಲ.

ಬಿದರಿ ಕುಸುರಿ

ಇನ್ನೊಂದು ಸಂಗತಿ. ಮಂಡಿ ಬದಲಿಸಿದಾಗಲೆಲ್ಲ ಎಡಗಡೆಯ ಅಕ್ಷ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ. ಒಂದು ಮಂಡಿಯಲ್ಲಿ ನೂರು ರೂಪಾಯಿ ಇಳಿದದ್ದೂ ಇನ್ನೊಂದರಲ್ಲಿ ಎಂಟುನೂರು ಇಳಿದದ್ದೂ ಒಂದೇ ಜಾರುಬಂಡೆಯಂತೆ ಕಾಣುತ್ತವೆ. ಅಕ್ಷದ ಕನಿಷ್ಠ, ಗರಿಷ್ಠ ಮಿತಿಗಳನ್ನು ಕೈಯಿಂದ ಕೊಟ್ಟು ಕಟ್ಟಿಹಾಕುವುದು ಲೇಸು.

ಅಡತಿ ಅಂಗಡಿ

ಕಟ್ಟಿಹಾಕಿದರೆ ದರ ಆ ಮಿತಿಯ ಕೆಳಗೆ ಹೋದ ದಿನ ಗೆರೆಯೇ ಕಾಣಿಸದು. ನಾನಂತೂ ಬಿಟ್ಟೇ ಇಟ್ಟಿದ್ದೇನೆ. ಬೇಕಿದ್ದರೆ ಬೆಂಬಲ ಬೆಲೆಯ ಒಂದು ಗೆರೆಯನ್ನು ಎಳೆಯಿರಿ, 2024-25ಕ್ಕೆ ತೊಗರಿಗೆ 7,550 ರೂಪಾಯಿ ಇತ್ತು. ನೋಡುವವನ ಕಣ್ಣಿಗೆ ಒಂದು ಆಧಾರ ಸಿಗುತ್ತದೆ, ಅಕ್ಷ ಹಿಗ್ಗಿದರೂ ಕುಗ್ಗಿದರೂ ದರ ಅದರ ಮೇಲಿದೆಯೋ ಕೆಳಗಿದೆಯೋ ತಿಳಿಯುತ್ತದೆ.

ಲೆಕ್ಕದ ಅಕ್ಕ

ಈ ಬಾರಿ ಅಡತಿಯವರ ಮಾತು ನನಗೆ ಹಿಡಿಸಿತು. C4ರಲ್ಲಿ ‘ಬೆಂಬಲ ಬೆಲೆ’ ಎಂದು ಬರೆದು, C5ರಲ್ಲಿ ಇದನ್ನು ಹಾಕಿ, ನಕ್ಷೆಯ ವ್ಯಾಪ್ತಿಯನ್ನು A4:C16 ಮಾಡಿದರೆ ಸಾಕು.

```
=ARRAYFORMULA(IF(A5:A16="",,7550))
```

ಇದನ್ನು C ಕಾಲಂನಲ್ಲೇ ಬರೆಯಬೇಕು. B ಕಾಲಂನಲ್ಲಿ A4ರ ಕೆಳಗೆ ಏನನ್ನಾದರೂ ಬರೆದರೆ ಕ್ವೆರಿಗೆ ಚಾಚಿಕೊಳ್ಳಲು ಜಾಗವಿಲ್ಲದೆ `#REF!` ಬರುತ್ತದೆ. ಮುಂದಿನ ಹಂಗಾಮು ಇದೇ ಹಾಳೆಗೆ ಬಂದಾಗ ಒಂದೇ ಸಂಖ್ಯೆ ಎರಡು ವರ್ಷಕ್ಕೆ ಸಲ್ಲುವುದಿಲ್ಲ, ಆಗ ಸೂತ್ರ ಬದಲಾಗಬೇಕು.

ಮಾಂಜರಾ ದಂಡೆ

ಎಲ್ಲವನ್ನೂ ಮಾಡಿ ಮುಗಿಸಿದೆ. ಔರಾದ್, ಹುಮನಾಬಾದ್ ಬಂದವು, ಬೀದರಿಗೆ ನಾಲ್ಕೂ ತಿಂಗಳು ಬಂದವು, ಡಿಸೆಂಬರ್ ಎಡತುದಿಗೆ ಬಂದು ಕುಳಿತಿತು. G ಕಾಲಂನಲ್ಲಿ ಮೂರು ಕಡೆ `#VALUE!` ಕಂಡಿತು, ಮೂರೂ ನಾನೇ ‘/-’ ಹಾಕಿ ಬರೆದವು. ಪಟ್ಟಿಯಲ್ಲಿ ಐದರ ಬದಲು ಆರು ಹೆಸರುಗಳು ಬಂದದ್ದು ನೋಡಿ ಹುಡುಕಿದರೆ, ಭಾಲ್ಕಿಯ ಜೊತೆಗೆ ಅಲ್ಪಪ್ರಾಣದ ‘ಬಾಲ್ಕಿ’ಯೂ ಸಿಕ್ಕಿತು. ಸರಿಯಾಗಿ ಬರುತ್ತಿದೆ ಎಂದು ನಾನು ನಂಬಿದ್ದ ಭಾಲ್ಕಿಯ ನಕ್ಷೆಯಲ್ಲೂ ಹನ್ನೊಂದು ಸಾಲುಗಳು ಇಷ್ಟು ದಿನ ಬಿಟ್ಟುಹೋಗಿದ್ದವು.

ಈಗ ಹೊಸ ತಕರಾರು. ಹಾಳೆಯನ್ನು ನಿರ್ದೇಶಕರಿಗೆಲ್ಲ ಹಂಚಿದ್ದೇನೆ. ನೋಡಲು ಮಾತ್ರ ಅನುಮತಿ ಇರುವವರು ಡ್ರಾಪ್‌ಡೌನ್ ಬದಲಿಸಲಾಗದೆ ನಾನು ಆರಿಸಿಟ್ಟ ಮಂಡಿಯನ್ನೇ ನೋಡುತ್ತಿದ್ದಾರೆ. ತಿದ್ದುವ ಅನುಮತಿ ಕೊಟ್ಟ ಇಬ್ಬರಲ್ಲಿ ಒಬ್ಬರು ಔರಾದ್ ಆರಿಸಿದರೆ, ಆಗಲೇ ಬೀದರ್ ನೋಡುತ್ತಿದ್ದ ಇನ್ನೊಬ್ಬರ ನಕ್ಷೆಯೂ ಔರಾದಿಗೆ ಹಾರುತ್ತದೆ.

ಲೆಕ್ಕದ ಅಕ್ಕ

ಅದು ದೋಷವಲ್ಲ, ಅದರ ಸ್ವಭಾವ. B1 ಎಂಬುದು ಎಲ್ಲರಿಗೂ ಸೇರಿದ ಒಂದೇ ಕೋಶ, ಅದನ್ನು ಬದಲಿಸಿದರೆ ಹಾಳೆಯೇ ಬದಲಾದಂತೆ. ಪ್ರತಿಯೊಬ್ಬರಿಗೂ ಅವರದೇ ಆಯ್ಕೆ ಬೇಕೆಂದರೆ ಸ್ಲೈಸರ್ ಇದೆ. ಅದರಲ್ಲಿ ಒಬ್ಬರು ಆರಿಸಿದ್ದು ಅವರಿಗಷ್ಟೇ ಕಾಣುತ್ತದೆ. ಆದರೆ ಸ್ಲೈಸರ್ ಸೂತ್ರಗಳನ್ನು ಮುಟ್ಟುವುದಿಲ್ಲ, ಈ ಕ್ವೆರಿ ಅದಕ್ಕೆ ಬಗ್ಗುವುದಿಲ್ಲ. ನಕ್ಷೆಯನ್ನು ನೇರವಾಗಿ ದತ್ತಾಂಶದ ಮೇಲೆ ಕೂರಿಸಿದರೆ ಕ್ವಿಂಟಲ್ ತೂಕದ ಸರಾಸರಿಯನ್ನು ಬಿಟ್ಟುಕೊಡಬೇಕಾಗುತ್ತದೆ.

ಬಿದರಿ ಕುಸುರಿ

ಇರುವುದು ಐದೇ ಮಂಡಿಗಳಾದರೆ ಡ್ರಾಪ್‌ಡೌನ್ ಏಕೆ ಬೇಕು? `pivot E` ಹಾಕಿ ಐದೂ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಿಬಿಡಿ.

ಅಡತಿ ಅಂಗಡಿ

ಫೋನಿನ ಪರದೆಯಲ್ಲಿ ಐದು ಬಣ್ಣದ ಗೆರೆಗಳು ಒಂದರ ಮೇಲೊಂದು ಬಿದ್ದರೆ ಯಾವುದು ಯಾವ ಊರಿನದೆಂದು ಯಾರು ಹೇಳಬೇಕು? ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಮಾಡಿಕೊಡುವುದು ವಾಸಿ.

ಮಾಂಜರಾ ದಂಡೆ

ಪ್ರತಿ ಮಾಡಿಕೊಟ್ಟರೆ ನಾಳೆ ನಾನು ಸೇರಿಸುವ ಸಾಲುಗಳು ಅವರ ಪ್ರತಿಗೆ ಹೋಗುವುದಿಲ್ಲವಲ್ಲ ಅಣ್ಣನವರೇ. ಸದ್ಯಕ್ಕೆ `ನೋಟ` ಹಾಳೆಯನ್ನೇ ಐದು ಬಾರಿ ನಕಲು ಮಾಡಿ, ಒಂದೊಂದರ B1ರಲ್ಲೂ ಒಂದೊಂದು ಮಂಡಿಯನ್ನು ಇಟ್ಟು, ಕೆಳಗಿನ ಪಟ್ಟಿಯಲ್ಲಿ ಊರಿನ ಹೆಸರು ಬರೆದಿದ್ದೇನೆ. ಡ್ರಾಪ್‌ಡೌನ್ ಇರುವ ಆರನೆಯದು ನನ್ನ ಬಳಕೆಗೆ ಮಾತ್ರ. ಶನಿವಾರದ ಸಭೆಯಲ್ಲಿ ನಿರ್ದೇಶಕರು ಇದನ್ನು ಒಪ್ಪುತ್ತಾರೋ, ಸ್ಲೈಸರೇ ಬೇಕೆನ್ನುತ್ತಾರೋ ನೋಡಿ ಇಲ್ಲಿ ಬರೆಯುತ್ತೇನೆ. ಹುಡುಗನ ಫೋನಿಗೂ ನನ್ನ ಕಂಪ್ಯೂಟರಿಗೂ ಒಂದೇ ಬಗೆಯ ಕೀಲಿಮಣೆ ಯಾವುದಾದರೂ ಇದ್ದರೆ ತಿಳಿಸಿ.